ಮೇಂಟೆನೆನ್ಸ್ ತಕರಾರು ನಡೆದ ಸಭೆಯ ನಡಾವಳಿಯನ್ನು ಯಾರ ಕಡೆಗೂ ವಾಲದಂತೆ ಬರೆಯುವುದು

ನಿವಾಸಿಗಳ ಸಂಘದ ನಡಾವಳಿ ಪುಸ್ತಕವನ್ನು ಸಭೆಯಲ್ಲಿ ಕುಳಿತಿದ್ದವರು ಮತ್ತೆ ತೆರೆದು ಓದುವುದು ಅಪರೂಪ. ಅದನ್ನು ಓದುವವರು ಸಾಮಾನ್ಯವಾಗಿ ಆ ದಿನ ಅಲ್ಲಿ ಇಲ್ಲದವರೇ ಆಗಿರುತ್ತಾರೆ. ಊರಿನಲ್ಲಿಲ್ಲದ ಮನೆ ಮಾಲೀಕರು, ವರ್ಷದ ಲೆಕ್ಕ ತಪಾಸಣೆಗೆ ಬಂದ ಲೆಕ್ಕಪರಿಶೋಧಕರು, ಮನೆ ಕೊಳ್ಳಲು ಬಂದವರು, ಬಾಕಿ ವಸೂಲಿಯ ತಂಟೆ ಮೇಲಕ್ಕೆ ಹೋದರೆ ವಕೀಲರು ಮತ್ತು ನ್ಯಾಯಾಲಯ. ಇವರಲ್ಲಿ ಯಾರಿಗೂ ಸಭೆಯಲ್ಲಿ ಯಾರ ದನಿ ಎಷ್ಟು ಏರಿತ್ತು ಎಂಬುದು ಬೇಕಾಗಿಲ್ಲ. ಯಾವ ಪ್ರಸ್ತಾಪ ಸಭೆಯ ಮುಂದೆ ಬಂತು, ಅದಕ್ಕೆ ಯಾವ ಆಕ್ಷೇಪಣೆಗಳು ಬಂದವು, ಯಾವ ಲೆಕ್ಕವನ್ನು ಮುಂದಿಟ್ಟು ಮಾತನಾಡಲಾಯಿತು, ಕೊನೆಗೆ ಯಾವ ಮಾತುಗಳಲ್ಲಿ ಠರಾವು ಆಯಿತು, ಎಷ್ಟು ಮತ ಪರವಾಗಿ ಎಷ್ಟು ಮತ ವಿರುದ್ಧವಾಗಿ ಬಿದ್ದವು ಎಂಬುದಷ್ಟೇ ಬೇಕು. ತಕರಾರಿನ ಸಭೆಯ ನಡಾವಳಿ ನಿಷ್ಪಕ್ಷಪಾತವಾಗಿದೆಯೇ ಎಂಬುದನ್ನು ಅಳೆಯಲು ನಾನು ಬಳಸುವ ಪರೀಕ್ಷೆ ಒಂದೇ: ಮತದಾನದಲ್ಲಿ ಸೋತ ಸದಸ್ಯರು ಅದನ್ನು ಓದಿ, 'ನಿರ್ಧಾರ ನನಗೆ ಒಪ್ಪಿಗೆಯಿಲ್ಲ, ಆದರೆ ನಾನು ಹೇಳಿದ್ದನ್ನು ಸರಿಯಾಗಿ ಬರೆದಿದ್ದಾರೆ' ಎನ್ನಬೇಕು.

ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕವೇ ನೋಡೋಣ. ಕಾರವಾರದಲ್ಲಿ ಆರು ಮಹಡಿಯ, 24 ಮನೆಗಳ ಒಂದು ಕಟ್ಟಡವಿದೆ ಎಂದಿಟ್ಟುಕೊಳ್ಳಿ. ಪ್ರತಿ ಮಹಡಿಯಲ್ಲಿ 950 ಚದರ ಅಡಿಯ ಎರಡು ಮನೆಗಳು, 1,350 ಚದರ ಅಡಿಯ ಎರಡು ಮನೆಗಳು. ಹೀಗೆ ಹನ್ನೆರಡು ಸಣ್ಣ ಮನೆಗಳು, ಹನ್ನೆರಡು ದೊಡ್ಡ ಮನೆಗಳು, ಒಟ್ಟು ವಿಸ್ತೀರ್ಣ 27,600 ಚದರ ಅಡಿ. ಇಲ್ಲಿಯವರೆಗೆ ಎಲ್ಲರೂ ತಿಂಗಳಿಗೆ 2,000 ರೂಪಾಯಿ ಕೊಡುತ್ತ ಬಂದಿದ್ದಾರೆ, ಅಂದರೆ ಸಂಘಕ್ಕೆ ಬರುವುದು 48,000. ಆದರೆ ಕಾವಲುಗಾರರ ಸಂಬಳ, ಲಿಫ್ಟಿನ ವಾರ್ಷಿಕ ಗುತ್ತಿಗೆ, ಮೆಟ್ಟಿಲು ಮತ್ತು ಪಂಪಿನ ಹೆಸ್ಕಾಂ ಬಿಲ್ಲು, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣದ ಕಟಕಟೆಗಳಿಗೆ ಬಣ್ಣ, ಮಳೆಗಾಲಕ್ಕೆ ಮುಂಚೆ ತಾರಸಿಯ ತಗಡಿನ ಮಾಡಿನ ದುರಸ್ತಿ ಎಲ್ಲ ಸೇರಿ ತಿಂಗಳಿಗೆ ಸರಾಸರಿ 69,000 ರೂಪಾಯಿ ಖರ್ಚಾಗುತ್ತಿದೆ. ಕಡಿಮೆ ಬಿದ್ದ 21,000 ರೂಪಾಯಿಯನ್ನು ತಿಂಗಳು ತಿಂಗಳು ಮೀಸಲು ನಿಧಿಯಿಂದ ತೆಗೆದು, ವರ್ಷಕ್ಕೆ 2,52,000 ರೂಪಾಯಿ ಕರಗಿದೆ. ಈ ಹಿನ್ನೆಲೆಯಲ್ಲಿ ಶುಲ್ಕ ಹೆಚ್ಚಿಸಲೇಬೇಕು ಎಂಬುದರಲ್ಲಿ ಬಹುಮಟ್ಟಿಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಜಗಳ ಇರುವುದು ಹೆಚ್ಚಳವನ್ನು ಹೇಗೆ ಹಂಚಬೇಕು ಎಂಬುದರಲ್ಲಿ.

ಆಡಳಿತ ಸಮಿತಿ ಮುಂದಿಟ್ಟ ಪ್ರಸ್ತಾಪ ಸಮಪಾಲಿನದು, ಮನೆಗೆ 2,875 ರೂಪಾಯಿ. ಸಣ್ಣ ಮನೆಯವರು ಕೇಳುವುದು ವಿಸ್ತೀರ್ಣದ ಲೆಕ್ಕ. ಚದರ ಅಡಿಗೆ ಎರಡೂವರೆ ರೂಪಾಯಿಯಂತೆ ಸಣ್ಣ ಮನೆಗೆ 2,375, ದೊಡ್ಡ ಮನೆಗೆ 3,375. ಮೂರನೆಯ ದಾರಿ ಮಿಶ್ರ ಲೆಕ್ಕ. ಕಾವಲು, ಸ್ವಚ್ಛತೆ, ಲಿಫ್ಟು, ಸಾಮಾನ್ಯ ವಿದ್ಯುತ್ತಿನ 41,400 ರೂಪಾಯಿಯನ್ನು ಸಮವಾಗಿ, ಮಾಡು, ಬಣ್ಣ ಮತ್ತು ಕಟ್ಟಡ ದುರಸ್ತಿಯ 27,600 ರೂಪಾಯಿಯನ್ನು ಚದರ ಅಡಿಗೆ ಒಂದು ರೂಪಾಯಿಯಂತೆ ಹಂಚಿದರೆ ಸಣ್ಣ ಮನೆಗೆ 2,675, ದೊಡ್ಡ ಮನೆಗೆ 3,075 ಆಗುತ್ತದೆ. ಮೂರು ಲೆಕ್ಕದಲ್ಲಿಯೂ ಸಂಘದ ಕೈಗೆ ಬರುವ ಮೊತ್ತ ಅದೇ 69,000. ಸಂಘಕ್ಕೆ ಮೂರೂ ಒಂದೇ ಆಗಿರುವುದರಿಂದ, ತಕರಾರು ಸಂಘಕ್ಕೂ ಸದಸ್ಯರಿಗೂ ನಡುವಿನದಲ್ಲ, ಸದಸ್ಯರು ಸದಸ್ಯರ ನಡುವಿನದು. ನಡಾವಳಿ ಬರೆಯುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ, ಏಕೆಂದರೆ ಬರೆಯುವ ಕಾರ್ಯದರ್ಶಿಯೂ ಈ ಕಟ್ಟಡದ ಒಂದು ಸಣ್ಣ ಅಥವಾ ದೊಡ್ಡ ಮನೆಯ ಮಾಲೀಕರೇ ಆಗಿರುತ್ತಾರೆ. ಅಂಥ ಸಭೆಯಲ್ಲಿ ಇನ್ನೊಂದು ಅಳತೆಯ ಮನೆಯ ಸದಸ್ಯರೊಬ್ಬರೂ ಟಿಪ್ಪಣಿ ಮಾಡಿಕೊಳ್ಳಲಿ ಎಂದು ಸಭೆಯ ಆರಂಭದಲ್ಲಿಯೇ ಅಧ್ಯಕ್ಷರಿಂದ ಹೇಳಿಸಿ, ಕರಡನ್ನು ಇಬ್ಬರೂ ಕೂಡಿ ನೋಡುವುದು ಒಳ್ಳೆಯದು.

ಸಭೆ ಯಾವ ನಿಯಮದ ಅಡಿಯಲ್ಲಿ ನಡೆಯಿತು

ತಕರಾರಿನ ವಿಷಯಕ್ಕೆ ಹೋಗುವ ಮೊದಲಿನ ನಾಲ್ಕೈದು ಸಾಲುಗಳನ್ನು ಹೆಚ್ಚಿನವರು ಹಳೆಯ ಪುಟದಿಂದ ನಕಲು ಮಾಡಿಬಿಡುತ್ತಾರೆ. ಆಮೇಲೆ ಠರಾವನ್ನು ಪ್ರಶ್ನಿಸುವವರು ಮೊದಲು ಕೈಹಾಕುವುದು ಆ ಸಾಲುಗಳಿಗೇ. ನೋಟೀಸು ಯಾವ ದಿನ ಹೊರಟಿತು, ಅದರಲ್ಲಿ 'ನಿರ್ವಹಣಾ ಶುಲ್ಕದ ಪರಿಷ್ಕರಣೆ' ಎಂಬ ವಿಷಯ ಸ್ಪಷ್ಟವಾಗಿ ಇತ್ತೇ ಅಥವಾ 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು' ಎಂಬುದರ ಕೆಳಗೆ ನುಸುಳಿತೇ, ಕೋರಂಗೆ ಉಪವಿಧಿ ಎಷ್ಟು ಹಾಜರಿ ಕೇಳುತ್ತದೆ, ಮತದಾನದ ಹೊತ್ತಿಗೆ ಎಷ್ಟು ಹಾಜರಿ ಇತ್ತು ಎಂಬುದೆಲ್ಲ ಮೊದಲ ಪ್ಯಾರಾದಲ್ಲಿಯೇ ಬರಬೇಕು. ಬೆಳಿಗ್ಗೆ ಬಂದು ಸಹಿ ಹಾಕಿ ಹೋದವರನ್ನು ಮಧ್ಯಾಹ್ನದ ಮತದಾನಕ್ಕೆ ಎಣಿಸಲು ಬರುವುದಿಲ್ಲವಾದ್ದರಿಂದ, ಹೊರಗೆ ಹೋದವರ ಹೊತ್ತನ್ನೂ ಬರೆದಿಡಬೇಕು.

ಕಾನೂನಿನ ಹಿನ್ನೆಲೆ ಇಲ್ಲಿ ಸ್ವಲ್ಪ ತೊಡಕಿನದು. ಕರ್ನಾಟಕದಲ್ಲಿ ಕೆಲವು ಸಂಘಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟು ಘೋಷಣಾ ಪತ್ರ ಮತ್ತು ಉಪವಿಧಿಗಳನ್ನು ನೋಂದಾಯಿಸಿಕೊಂಡಿವೆ, ಇನ್ನು ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿವೆ. ಮೊದಲನೆಯ ಕಾಯ್ದೆ ಸಾಮಾನ್ಯ ಖರ್ಚನ್ನು ಪ್ರತಿ ಮನೆಗೆ ಘೋಷಣಾ ಪತ್ರದಲ್ಲಿ ಗೊತ್ತುಪಡಿಸಿದ ಅವಿಭಾಜ್ಯ ಪಾಲಿನ ಶೇಕಡಾವಾರಿನಂತೆ ಹಂಚಬೇಕು ಎನ್ನುತ್ತದೆ. ಸಾಮಾನ್ಯ ಸೌಕರ್ಯವನ್ನು ಬಳಸುವುದಿಲ್ಲ ಎಂಬ ಕಾರಣಕ್ಕೆ ಯಾವ ಮಾಲೀಕರಿಗೂ ಖರ್ಚಿನ ಹೊಣೆಯಿಂದ ವಿನಾಯಿತಿ ಇಲ್ಲ ಎಂದೂ ಹೇಳುತ್ತದೆ. ಎರಡನೆಯ ಬಗೆಯ ಸಂಘದಲ್ಲಿ ಆ ಸಂಘದ ಉಪವಿಧಿ ಏನು ಹೇಳುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಆದ್ದರಿಂದ ಸಂಘ ಯಾವುದರ ಅಡಿಯಲ್ಲಿ ನೋಂದಣಿಯಾಗಿದೆ, ಸಭೆ ಉಪವಿಧಿಯ ಎಷ್ಟನೆಯ ನಿಯಮದಂತೆ ಕರೆಯಲ್ಪಟ್ಟಿದೆ ಎಂಬ ಒಂದು ವಾಕ್ಯ ನಡಾವಳಿಯ ತಲೆಯಲ್ಲಿ ಇರಲೇಬೇಕು.

ಇಲ್ಲಿಯೇ ಬರೆಯುವವರಿಗೆ ಒಂದು ದೊಡ್ಡ ಆಸೆ ಹುಟ್ಟುತ್ತದೆ. 102ನೇ ಮನೆಯ ಸದಸ್ಯರು ಸಭೆಯಲ್ಲಿ ಎದ್ದು, ತಾವು ಮೊದಲ ಮಹಡಿಯವರು, ಲಿಫ್ಟ್ ಹತ್ತುವುದೇ ಇಲ್ಲ, ಅದರ ಖರ್ಚು ತಮಗೆ ಬೇಡ ಎಂದರು ಎನ್ನೋಣ. 303ನೇ ಮನೆಯ ಮಾಲೀಕರು ಗೋವೆಯಲ್ಲಿ ಇರುವುದರಿಂದ ಮನೆ ವರ್ಷದ ಹೆಚ್ಚಿನ ಕಾಲ ಬೀಗ ಹಾಕಿರುತ್ತದೆ, ಅವರು ಅರ್ಧ ಶುಲ್ಕ ಸಾಕು ಎಂದರು. ಕಾನೂನು ತಿಳಿದ ಕಾರ್ಯದರ್ಶಿ ತಕ್ಷಣವೇ 'ಆದರೆ ಕಾಯ್ದೆಯ ಪ್ರಕಾರ ಈ ವಾದ ನಿಲ್ಲುವುದಿಲ್ಲ' ಎಂದು ನಡಾವಳಿಯಲ್ಲಿ ಸೇರಿಸಿಬಿಡುತ್ತಾರೆ. ಅವರ ಕಾನೂನು ಸರಿಯಿರಬಹುದು, ಆದರೆ ಆ ಮಾತನ್ನು ಸಭೆಯಲ್ಲಿ ಯಾರೂ ಆಡಿರಲಿಲ್ಲ. ಸಭೆಯಲ್ಲಿ ಆಡದ ಉತ್ತರವನ್ನು ಮನೆಗೆ ಹೋಗಿ ಬರೆಯುವಾಗ ಸೇರಿಸುವುದು ನಾನು ಕಂಡ ಅತಿ ಸಾಮಾನ್ಯವಾದ ಪಕ್ಷಪಾತ. ಸದುದ್ದೇಶದವರೇ ಅದನ್ನು ಹೆಚ್ಚಾಗಿ ಮಾಡುತ್ತಾರೆ. ಅಧ್ಯಕ್ಷರು ಸಭೆಯಲ್ಲಿಯೇ ಕಾಯ್ದೆಯನ್ನು ಉಲ್ಲೇಖಿಸಿದ್ದರೆ ಅವರ ಹೆಸರಿನಲ್ಲಿ ಅದನ್ನು ಬರೆಯಬೇಕು. ಯಾರೂ ಉಲ್ಲೇಖಿಸದಿದ್ದರೆ, ಸದಸ್ಯರ ಕೋರಿಕೆಯನ್ನು ಮಾತ್ರ ಬರೆದು, ಕಾನೂನು ಸಲಹೆಯ ವಿಷಯವನ್ನು ಮುಂದಿನ ಸಭೆಯ ಅಜೆಂಡಾಕ್ಕೆ ತರಬೇಕು.

ಮಾತನ್ನು ಬರೆಯುವ ಬಗೆ

ಈಗ ತಕರಾರಿನ ಭಾಗವನ್ನೇ ಹತ್ತಿರದಿಂದ ನೋಡೋಣ. ಸಭೆ ಮುಗಿದ ಸಂಜೆ, ತಲೆ ಇನ್ನೂ ಬಿಸಿಯಿರುವಾಗ ಬರೆದ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

'ನಿರ್ವಹಣಾ ಶುಲ್ಕದ ವಿಷಯದಲ್ಲಿ ಸುದೀರ್ಘ ಚರ್ಚೆ ನಡೆಯಿತು. ಕೆಲವು ಸದಸ್ಯರು ಅನಗತ್ಯವಾಗಿ ಗದ್ದಲ ಎಬ್ಬಿಸಿದರು. 604ನೇ ಮನೆಯವರು ತಮ್ಮ ಮನೆಯ ಸೋರಿಕೆಯ ಹಳೆಯ ಕಥೆಯನ್ನೇ ಮತ್ತೆ ತೆಗೆದು, ಮೀಸಲು ನಿಧಿಯ ದುರುಪಯೋಗವಾಗಿದೆ ಎಂದು ಆರೋಪಿಸಿದರು. ಖಜಾಂಚಿಯವರು ಎಲ್ಲ ಲೆಕ್ಕವೂ ಸರಿಯಾಗಿದೆ ಎಂದು ಸ್ಪಷ್ಟಪಡಿಸಿದರು. ಕೊನೆಗೆ ಎಲ್ಲರ ಹಿತದೃಷ್ಟಿಯಿಂದ ಮಿಶ್ರ ಪದ್ಧತಿಯನ್ನು ಬಹುಮತದಿಂದ ಅಂಗೀಕರಿಸಲಾಯಿತು.'

ಈ ಐದು ವಾಕ್ಯಗಳಲ್ಲಿ ಸುಳ್ಳು ಯಾವುದೂ ಇಲ್ಲದಿರಬಹುದು. ಆದರೂ ಒಂದೊಂದು ವಾಕ್ಯವೂ ಒಂದು ಕಡೆಗೆ ವಾಲಿದೆ. 'ಸುದೀರ್ಘ ಚರ್ಚೆ' ಎಂಬುದು ಏನನ್ನೂ ತಿಳಿಸುವುದಿಲ್ಲ. 'ಕೆಲವು ಸದಸ್ಯರು' ಎಂದಾಗ ಯಾರು ಎಂದು ತಿಳಿಯದೆ ಹಾಜರಿದ್ದ ಎಲ್ಲರ ಮೇಲೂ ಅನುಮಾನ ಬೀಳುತ್ತದೆ. 'ಅನಗತ್ಯವಾಗಿ' ಎಂಬುದು ಬರೆದವರ ತೀರ್ಪು. ಒಬ್ಬರು 'ಆರೋಪಿಸಿದರು', ಇನ್ನೊಬ್ಬರು 'ಸ್ಪಷ್ಟಪಡಿಸಿದರು' ಎಂದಾಗ ಓದುವವರು ಮೊದಲನೆಯವರನ್ನು ಸುಮ್ಮನೆ ದೂರುವವರೆಂದೂ ಎರಡನೆಯವರನ್ನು ಸತ್ಯ ಹೇಳುವವರೆಂದೂ ತಿಳಿಯುತ್ತಾರೆ. ಲೆಕ್ಕ ಸರಿಯಿದೆಯೇ ಇಲ್ಲವೇ ಎಂಬುದು ಆ ಸಭೆಯಲ್ಲಿ ತೀರ್ಮಾನವಾಗಿಯೇ ಇಲ್ಲ, ಆದರೆ ಕ್ರಿಯಾಪದ ಅದನ್ನು ತೀರ್ಮಾನಿಸಿಬಿಟ್ಟಿದೆ. 'ಒಪ್ಪಿಕೊಂಡರು', 'ಸಮಜಾಯಿಷಿ ನೀಡಿದರು', 'ನುಣುಚಿಕೊಂಡರು', 'ಪಟ್ಟು ಹಿಡಿದರು' ಎಂಬ ಮಾತುಗಳೆಲ್ಲ ಇದೇ ಜಾತಿಯವು. ತಕರಾರಿನ ಭಾಗದಲ್ಲಿ ಎರಡೂ ಕಡೆಯವರಿಗೆ ಒಂದೇ ಬಗೆಯ ಕ್ರಿಯಾಪದಗಳನ್ನು ಬಳಸಿದರೆ ಸಾಕು: ಹೇಳಿದರು, ಕೇಳಿದರು, ಉತ್ತರಿಸಿದರು, ಸೂಚಿಸಿದರು, ಆಕ್ಷೇಪಿಸಿದರು. ಓದಲು ಸಪ್ಪೆಯಾಗುತ್ತದೆ ಎಂಬುದು ನಿಜ, ಆದರೆ ನಡಾವಳಿಗೆ ಆ ಸಪ್ಪೆತನ ಬೇಕು.

ಅದೇ ಭಾಗವನ್ನು ಮತ್ತೆ ಬರೆದರೆ ಹೀಗಾಗುತ್ತದೆ:

'604ನೇ ಮನೆಯ ಸದಸ್ಯರು, ಕಳೆದ ಮಳೆಗಾಲದಲ್ಲಿ ತಮ್ಮ ಮನೆಯ ಮಲಗುವ ಕೋಣೆಯ ಛಾವಣಿ ಸೋರಿದ್ದನ್ನು ಸಂಘಕ್ಕೆ ಲಿಖಿತವಾಗಿ ತಿಳಿಸಿದ್ದರೂ ದುರಸ್ತಿ ಆಗಿಲ್ಲವೆಂದು ಹೇಳಿ, ಒಂದು ವರ್ಷದಲ್ಲಿ ಮೀಸಲು ನಿಧಿಯಿಂದ ತೆಗೆದ 2,52,000 ರೂಪಾಯಿ ಯಾವ ಯಾವ ಬಾಬಿಗೆ ಖರ್ಚಾಗಿದೆ ಎಂಬುದರ ವಿವರವನ್ನು ಕೇಳಿದರು. ಖಜಾಂಚಿಯವರು, ಆ ಮೊತ್ತವು ಮಾಸಿಕ ಸಂಗ್ರಹ ಮತ್ತು ಮಾಸಿಕ ಖರ್ಚಿನ ನಡುವಿನ ಕೊರತೆಗೆ ಬಳಕೆಯಾಗಿದೆ ಎಂದು ಉತ್ತರಿಸಿದರು. ಬಾಬುವಾರು ವಿವರ ಮತ್ತು ಓಚರುಗಳು ಸಭೆಯ ಮುಂದೆ ಇರಲಿಲ್ಲ. ಅವುಗಳನ್ನು 15 ದಿನಗಳ ಒಳಗೆ ಎಲ್ಲ ಸದಸ್ಯರ ಪರಿಶೀಲನೆಗೆ ಇಡುವುದಾಗಿ ಖಜಾಂಚಿಯವರು ತಿಳಿಸಿದರು.'

ಇದರಲ್ಲಿ 'ದುರುಪಯೋಗ' ಎಂಬ ಮಾತು ಬಿಟ್ಟುಹೋಗಿದೆ. ಸದಸ್ಯರು ಆ ಮಾತನ್ನು ಆಡಿದ್ದರೆ ಅದನ್ನು ಬಿಡುವುದೂ ಪಕ್ಷಪಾತವೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಹೀಗಿದೆ. ಸಿಟ್ಟಿನ ಭರದಲ್ಲಿ ಬಂದ ಮಾತಾಗಿದ್ದು, ಸದಸ್ಯರು ನಿಜವಾಗಿ ಕೇಳುತ್ತಿದ್ದುದು ಲೆಕ್ಕವನ್ನೇ ಆಗಿದ್ದರೆ, ಅವರು ಕೇಳಿದ್ದನ್ನು ಬರೆಯಬೇಕು. ಆದರೆ ಅವರು ದುರುಪಯೋಗವಾಗಿದೆ ಎಂದೇ ಹೇಳಿ, ಅದು ನಡಾವಳಿಯಲ್ಲಿ ದಾಖಲಾಗಬೇಕು ಎಂದು ಕೇಳಿದರೆ, ಅಧ್ಯಕ್ಷರು ಅಲ್ಲಿಯೇ ಅವರ ಮಾತನ್ನು ಒಂದು ವಾಕ್ಯದಲ್ಲಿ ಹೇಳಿಸಿ, ಓದಿ ಕೇಳಿಸಿ, ಅವರ ಒಪ್ಪಿಗೆ ಪಡೆದು, ಖಜಾಂಚಿಯವರ ಉತ್ತರವನ್ನೂ ಅಷ್ಟೇ ಉದ್ದದಲ್ಲಿ ಪಕ್ಕಕ್ಕೆ ಬರೆಸಬೇಕು. 'ಬಾಬುವಾರು ವಿವರ ಸಭೆಯ ಮುಂದೆ ಇರಲಿಲ್ಲ' ಎಂಬ ವಾಕ್ಯ ಖಜಾಂಚಿಯವರಿಗೆ ಹಿತವಾಗಲಾರದು. ಆದರೂ ಅದು ಹಾಜರಿದ್ದ ಎಲ್ಲರೂ ಕಂಡ ಸಂಗತಿ, ಆದ್ದರಿಂದ ಉಳಿಯಲೇಬೇಕು.

ಕಾರವಾರದಂಥ ಊರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಸಭೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ, ಬಿಸಿಯೇರಿದಂತೆ ಕೊಂಕಣಿಗೆ ಹೊರಳುತ್ತದೆ. ನೌಕಾನೆಲೆಯ ಅಥವಾ ಕೈಗಾದ ಕೆಲಸಕ್ಕೆ ಹೊರಗಿನಿಂದ ಬಂದ ಕುಟುಂಬಗಳು ಹಿಂದಿಯಲ್ಲಿ ಮಾತನಾಡುತ್ತವೆ. ನಡಾವಳಿ ಕನ್ನಡದಲ್ಲಿ ಇರುತ್ತದೆ. ಆದ್ದರಿಂದ ಬೇರೆ ಭಾಷೆಯಲ್ಲಿ ಆಡಿದ ಮಾತನ್ನು ಉದ್ಧರಣೆಯಂತೆ ಬರೆಯದೆ ಸಾರಾಂಶವಾಗಿಯೇ ಬರೆಯಬೇಕು, ಆಕ್ಷೇಪಣೆಯಾಗಿದ್ದರೆ ಆ ಸಾರಾಂಶವನ್ನು ಅದೇ ಸಭೆಯಲ್ಲಿ ಆ ಸದಸ್ಯರಿಗೆ ಓದಿ ಹೇಳಬೇಕು. ಇದಕ್ಕೆ ಎರಡು ನಿಮಿಷ ಸಾಕು.

ಬಾಕಿ ಇಟ್ಟವರ ವಿಷಯದಲ್ಲಿಯೂ ಎಚ್ಚರ ಬೇಕು. ಶುಲ್ಕದ ಜಗಳದಲ್ಲಿ 'ಮೊದಲು ನಿಮ್ಮ ಬಾಕಿ ತೀರಿಸಿ, ಆಮೇಲೆ ಮಾತನಾಡಿ' ಎಂಬ ಮಾತು ಬಾರದ ಸಭೆ ಕಡಿಮೆ. ಬಾಕಿಯ ಪಟ್ಟಿ ಅಜೆಂಡಾದ ವಿಷಯವಾಗಿದ್ದರೆ ಖಜಾಂಚಿಯವರ ವರದಿಯಂತೆ ಅನುಬಂಧದಲ್ಲಿ ಮನೆ ಸಂಖ್ಯೆ ಮತ್ತು ಮೊತ್ತ ಬರಲಿ. ವಾದದ ನಡುವೆ ಚುಚ್ಚುಮಾತಾಗಿ ಬಂದದ್ದು ನಡಾವಳಿಗೆ ಬರಬೇಕಾಗಿಲ್ಲ.

ಲೆಕ್ಕ, ಠರಾವು, ಮತ

ಮೂರು ಪದ್ಧತಿಗಳ ಲೆಕ್ಕವನ್ನು ನಡಾವಳಿಯ ಒಡಲಿನಲ್ಲಿ ತುರುಕದೆ ಒಂದು ಪುಟದ ಅನುಬಂಧವಾಗಿ ಹಚ್ಚುವುದು ಒಳ್ಳೆಯದು. ಪ್ರತಿ ಲೆಕ್ಕವನ್ನು ಯಾರು ತಯಾರಿಸಿದರು ಎಂಬುದು ಅದರ ತಲೆಯಲ್ಲಿಯೇ ಇರಬೇಕು: ಸಮಪಾಲಿನದು ಆಡಳಿತ ಸಮಿತಿಯದು, ವಿಸ್ತೀರ್ಣದ್ದು 401ನೇ ಮನೆಯ ಸದಸ್ಯರು ಸಭೆಗೆ ತಂದದ್ದು, ಮಿಶ್ರದ್ದು 503ನೇ ಮನೆಯ ಸದಸ್ಯರು ಸಭೆಯಲ್ಲಿಯೇ ಮಾಡಿದ್ದು. ಹೀಗೆ ಬರೆಯದೆ 'ವಿಸ್ತೀರ್ಣದ ಪದ್ಧತಿಯಲ್ಲಿ ದೊಡ್ಡ ಮನೆಗೆ 1,375 ರೂಪಾಯಿ ಹೊರೆಯಾಗುತ್ತದೆ' ಎಂದು ಬರೆದರೆ, ಅಂಕಿ ಸರಿಯಿದ್ದರೂ ವಾಕ್ಯ ದೊಡ್ಡ ಮನೆಯವರ ಪರವಾಗುತ್ತದೆ. ಒಂದು ಪದ್ಧತಿಯ ಪರಿಣಾಮವನ್ನು ಹೇಳುವಾಗ ಎರಡೂ ಅಳತೆಯ ಮನೆಗಳ ಮೊತ್ತವನ್ನು ಹೇಳಬೇಕು, ಮೂರೂ ಪದ್ಧತಿಗಳಿಗೆ ಅದೇ ಕ್ರಮವನ್ನು ಅನುಸರಿಸಬೇಕು, ಹೋಲಿಕೆಯನ್ನು ಹಳೆಯ 2,000 ರೂಪಾಯಿಗೇ ಮಾಡಬೇಕು. ಒಂದನ್ನು ಹಳೆಯ ದರಕ್ಕೂ ಇನ್ನೊಂದನ್ನು ಸಮಿತಿಯ ಪ್ರಸ್ತಾಪಕ್ಕೂ ಹೋಲಿಸಿದರೆ ಓದುವವರು ದಾರಿ ತಪ್ಪುತ್ತಾರೆ.

ಠರಾವಿನ ಮಾತನ್ನು ಮಾತ್ರ ಸಾರಾಂಶವಾಗಿ ಬರೆಯಲು ಬರುವುದಿಲ್ಲ. ಅದು ಮತಕ್ಕೆ ಹಾಕುವ ಮುನ್ನ ಬಾಯಿಂದ ಓದಿದ ಮಾತೇ ಆಗಿರಬೇಕು. ನಮ್ಮ ಉದಾಹರಣೆಯಲ್ಲಿ ಸಮಿತಿಯ ಮೂಲ ಪ್ರಸ್ತಾಪ ಸಮಪಾಲಿನದು, ಮಿಶ್ರ ಪದ್ಧತಿ ಅದಕ್ಕೆ ಬಂದ ತಿದ್ದುಪಡಿ. ಆದ್ದರಿಂದ ಮೊದಲು ತಿದ್ದುಪಡಿಗೆ ಮತ, ಅದು ಗೆದ್ದರೆ ತಿದ್ದಿದ ಪ್ರಸ್ತಾಪಕ್ಕೆ ಇನ್ನೊಮ್ಮೆ ಮತ. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ತಿದ್ದುಪಡಿಗೆ ಕೈ ಎತ್ತಿದವರೆಲ್ಲ ಹೆಚ್ಚಳಕ್ಕೂ ಒಪ್ಪಿದರು ಎಂದು ಭಾವಿಸಿ ಎರಡನೆಯ ಮತವನ್ನು ಹಾರಿಸಿದ ನಡಾವಳಿ ಆಮೇಲೆ ಪ್ರಶ್ನೆಗೆ ನಿಲ್ಲುವುದಿಲ್ಲ. ಕೊನೆಯ ಠರಾವು ಹೀಗಿರಬಹುದು:

'ಬರುವ ಜುಲೈ 1ರಿಂದ ಮಾಸಿಕ ನಿರ್ವಹಣಾ ಶುಲ್ಕವನ್ನು, ಅನುಬಂಧದ ಒಂದನೆಯ ಭಾಗದಲ್ಲಿ ಕಾಣಿಸಿದ ಖರ್ಚುಗಳಿಗೆ ಪ್ರತಿ ಮನೆಗೆ 1,725 ರೂಪಾಯಿ ಮತ್ತು ಎರಡನೆಯ ಭಾಗದಲ್ಲಿ ಕಾಣಿಸಿದ ಖರ್ಚುಗಳಿಗೆ ಪ್ರತಿ ಚದರ ಅಡಿಗೆ 1 ರೂಪಾಯಿಯಂತೆ ಲೆಕ್ಕ ಹಾಕಿ ವಸೂಲು ಮಾಡತಕ್ಕದ್ದು. ವಿಸ್ತೀರ್ಣಕ್ಕೆ ನೋಂದಾಯಿತ ಕ್ರಯಪತ್ರದಲ್ಲಿರುವ ಅಂಕಿಯೇ ಆಧಾರ. ಸೂಚಕರು: 503ನೇ ಮನೆ. ಅನುಮೋದಕರು: 202ನೇ ಮನೆ.'

ಕ್ರಯಪತ್ರದ ಮಾತು ಸಣ್ಣದಾಗಿ ಕಂಡರೂ ಅದಿಲ್ಲದಿದ್ದರೆ ಮುಂದಿನ ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಒಳಗಿನ ಅಳತೆ ಬೇರೆ, ಗೋಡೆ ಮತ್ತು ಸಾಮಾನ್ಯ ಜಾಗದ ಪಾಲನ್ನು ಸೇರಿಸಿದ ಅಳತೆ ಬೇರೆ, ಬಾಲ್ಕನಿಯನ್ನು ಮುಚ್ಚಿಕೊಂಡವರ ಅಳತೆ ಬೇರೆ. ಯಾವುದನ್ನು ಎಣಿಸುವುದು ಎಂದು ಠರಾವು ಹೇಳದಿದ್ದರೆ ಬಿಲ್ಲು ಮಾಡುವ ಗುಮಾಸ್ತರು ತಮಗೆ ಸಿಕ್ಕಿದ ಅಳತೆಯನ್ನು ಹಿಡಿಯುತ್ತಾರೆ.

ಇನ್ನು ಮತದ ಎಣಿಕೆ. 24 ಮನೆಗಳಲ್ಲಿ ಸ್ವತಃ ಬಂದವರು 17, ಉಪವಿಧಿಯಂತೆ ಲಿಖಿತ ಅಧಿಕಾರಪತ್ರದ ಮೂಲಕ ಬಂದ ಮತ 2, ಒಟ್ಟು 19. ಪರವಾಗಿ 11, ವಿರುದ್ಧವಾಗಿ 6, ತಟಸ್ಥರು 2. ತಲೆಯೆಣಿಕೆಯಲ್ಲಿ ಇದು ನಿಚ್ಚಳ ಬಹುಮತ. ಆದರೆ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿಯ ಸಂಘದಲ್ಲಿ ಮತದ ತೂಕ ಘೋಷಣಾ ಪತ್ರದಲ್ಲಿ ಪ್ರತಿ ಮನೆಗೆ ಕೊಟ್ಟ ಶೇಕಡಾವಾರಿನ ಮೇಲೆ ನಿಂತಿರುತ್ತದೆ. ಆ ಪಾಲು ಇಲ್ಲಿ ವಿಸ್ತೀರ್ಣಕ್ಕೆ ಅನುಗುಣವಾಗಿದೆ ಎಂದೂ, ಪರವಾಗಿ ಬಂದ 11ರಲ್ಲಿ ಏಳು ಸಣ್ಣ ಮನೆಗಳು, ನಾಲ್ಕು ದೊಡ್ಡ ಮನೆಗಳು ಎಂದೂ ಇಟ್ಟುಕೊಂಡರೆ, ಪರವಾದ ಪಾಲು ಇಡೀ ಕಟ್ಟಡದ ಸುಮಾರು ಶೇಕಡಾ 44 ಮಾತ್ರ. ಎರಡು ಸಣ್ಣ, ನಾಲ್ಕು ದೊಡ್ಡ ಮನೆಗಳ ವಿರೋಧ ಸುಮಾರು ಶೇಕಡಾ 26, ತಟಸ್ಥರದು ಸುಮಾರು 8, ಉಳಿದದ್ದು ಗೈರುಹಾಜರಾದವರದು. ಹಾಜರಿದ್ದವರ ಪಾಲಿನಲ್ಲಿ ನೋಡಿದರೆ ಇದು ಅರ್ಧಕ್ಕಿಂತ ಹೆಚ್ಚು, ಇಡೀ ಕಟ್ಟಡದ ಪಾಲಿನಲ್ಲಿ ನೋಡಿದರೆ ಅರ್ಧಕ್ಕಿಂತ ಕಡಿಮೆ. ಒಂದೇ ಮತದಾನದಿಂದ ಎರಡು ಬೇರೆ ತೀರ್ಮಾನಗಳನ್ನು ಹೊರಡಿಸಬಹುದು ಎಂದಾಯಿತು.

'ಬಹುಮತದಿಂದ ಅಂಗೀಕರಿಸಲಾಯಿತು' ಎಂಬ ಸಿದ್ಧ ವಾಕ್ಯ ಈ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬರೆಯುವವರು ಯಾವ ಲೆಕ್ಕ ಸರಿ ಎಂದು ತಾವೇ ನಿರ್ಣಯಿಸದೆ, ಯಾವ ಮನೆ ಯಾವ ಕಡೆ ಎಂಬುದನ್ನು ಮನೆ ಸಂಖ್ಯೆಯೊಂದಿಗೆ ಬರೆದು, ಮನೆಗಳ ಎಣಿಕೆ ಮತ್ತು ಪಾಲಿನ ಶೇಕಡಾವಾರು ಎರಡನ್ನೂ ಕೊಟ್ಟು, ಅದರ ಕೆಳಗೆ 'ಉಪವಿಧಿಯ ಇಂಥ ನಿಯಮದಂತೆ ಠರಾವು ಅಂಗೀಕೃತವಾಗಿದೆ ಎಂದು ಅಧ್ಯಕ್ಷರು ಘೋಷಿಸಿದರು' ಎಂದು ನಿಯಮದ ಸಂಖ್ಯೆಯೊಂದಿಗೆ ಬರೆಯಬೇಕು. ಘೋಷಣೆ ಅಧ್ಯಕ್ಷರದು, ಅದರ ಹೊಣೆಯೂ ಅವರದು. ನಾಳೆ ಯಾರಾದರೂ ಅದನ್ನು ಪ್ರಶ್ನಿಸಿದರೆ ಎಣಿಕೆಗೆ ಬೇಕಾದ ಎಲ್ಲ ಅಂಕಿಗಳು ಪುಟದ ಮೇಲೆಯೇ ಇರುತ್ತವೆ. 'ಸರ್ವಾನುಮತ' ಎಂಬ ಪದವನ್ನು ವಿರುದ್ಧ ಮತ ಒಂದೂ ಇಲ್ಲದಾಗ ಮಾತ್ರ ಬಳಸಬೇಕು. ಕೊನೆಗೆ ಎಲ್ಲರೂ ಚಹಾ ಕುಡಿದು ನಗುನಗುತ್ತ ಹೋದರು ಎಂಬುದು ಅದಕ್ಕೆ ಸಾಕಾಗುವುದಿಲ್ಲ.

ವಿರುದ್ಧ ಮತ ಹಾಕಿದವರು ತಮ್ಮ ಕಾರಣವನ್ನು ದಾಖಲಿಸಬೇಕು ಎಂದರೆ ಅದಕ್ಕೆ ಎಡೆ ಕೊಡಬೇಕು. 102ನೇ ಮನೆಯ ಸದಸ್ಯರ ಮಾತನ್ನು ಹೀಗೆ ಬರೆಯಬಹುದು: 'ಲಿಫ್ಟಿನ ಖರ್ಚನ್ನು ಎಲ್ಲ ಮನೆಗಳಿಗೆ ಸಮವಾಗಿ ಹಂಚಿರುವುದಕ್ಕೆ ತಮ್ಮ ವಿರೋಧವಿದೆ, ಕಟ್ಟಡ ದುರಸ್ತಿಯ ಖರ್ಚನ್ನು ವಿಸ್ತೀರ್ಣದಂತೆ ಹಂಚಿರುವುದಕ್ಕೆ ವಿರೋಧವಿಲ್ಲ ಎಂದು ದಾಖಲಿಸುವಂತೆ ಕೋರಿದರು.' ಈ ವಾಕ್ಯದ ಎರಡನೆಯ ಭಾಗ ಮೊದಲನೆಯದಷ್ಟೇ ಮುಖ್ಯ. ಅವರ ವಿರೋಧ ಎಲ್ಲಿಯವರೆಗೆ ಇದೆ ಎಂಬುದನ್ನು ಅದು ತೋರಿಸುತ್ತದೆ. ಅದನ್ನು ಕತ್ತರಿಸಿದರೆ ಅವರು ಶುಲ್ಕವನ್ನೇ ಕೊಡಲು ಒಪ್ಪದವರಂತೆ ಕಾಣುತ್ತಾರೆ.

ಕರಡು ಹೊರಟ ಮೇಲೆ

ಕರಡನ್ನು ಸಭೆಯ ನೆನಪು ಹಸಿಯಿರುವಾಗಲೇ, ಆದಷ್ಟು ಒಂದು ವಾರದೊಳಗೆ, ಎಲ್ಲ ಮನೆಗಳಿಗೆ ಕಳಿಸಿ, ತಿದ್ದುಪಡಿ ಇದ್ದರೆ ಲಿಖಿತವಾಗಿ ತಿಳಿಸಲು ಒಂದು ದಿನಾಂಕವನ್ನು ಕೊಡಬೇಕು. ಬರುವ ತಿದ್ದುಪಡಿಗಳು ಎರಡು ಬಗೆಯವು. 'ನಾನು ಹೇಳಿದ್ದು ಹೀಗಲ್ಲ' ಎಂಬುದು ಒಂದು, 'ನಾನು ಇದನ್ನೂ ಹೇಳಬೇಕಾಗಿತ್ತು' ಎಂಬುದು ಇನ್ನೊಂದು. ಮೊದಲನೆಯದನ್ನು ಟಿಪ್ಪಣಿಗಳೊಂದಿಗೆ ತಾಳೆ ನೋಡಿ ತಿದ್ದಬೇಕು. ಎರಡನೆಯದನ್ನು ನಯವಾಗಿ ಹಿಂದಿರುಗಿಸಿ ಮುಂದಿನ ಸಭೆಯಲ್ಲಿ ಮಾತನಾಡಲು ಕೇಳಿಕೊಳ್ಳಬೇಕು. ಸಭೆಯ ಮರುದಿನ ವಾಟ್ಸಾಪ್ ಗುಂಪಿನಲ್ಲಿ ನಡೆದ ವಾದಗಳಿಗೂ ಇದೇ ನಿಯಮ. ಅವು ಸಭೆಯ ಭಾಗವಲ್ಲ.

ಮುಂದಿನ ಸಭೆಯಲ್ಲಿ ನಡಾವಳಿಯನ್ನು ದೃಢೀಕರಿಸುವಾಗ ಹಳೆಯ ಜಗಳ ಮತ್ತೆ ಏಳುವುದು ಸಾಮಾನ್ಯ, ಏಕೆಂದರೆ ದೃಢೀಕರಣ ಎಂದರೆ ಠರಾವಿಗೆ ಮತ್ತೊಮ್ಮೆ ಒಪ್ಪಿಗೆ ಕೊಡುವುದು ಎಂದು ಹಲವರು ತಿಳಿದಿದ್ದಾರೆ. ಅಲ್ಲಿ ಕೇಳುವುದು ನಡೆದದ್ದನ್ನು ಸರಿಯಾಗಿ ಬರೆಯಲಾಗಿದೆಯೇ ಎಂಬ ಒಂದೇ ಪ್ರಶ್ನೆ. ಠರಾವಿಗೆ ವಿರುದ್ಧ ಮತ ಹಾಕಿದವರೂ ನಡಾವಳಿ ಸರಿಯಿದೆ ಎಂದು ಸಹಿ ಹಾಕಬಹುದು, ಅದರಿಂದ ಅವರ ವಿರೋಧಕ್ಕೆ ಯಾವ ಕುಂದೂ ಬರುವುದಿಲ್ಲ. ಇದನ್ನು ಅಧ್ಯಕ್ಷರು ದೃಢೀಕರಣಕ್ಕೆ ಮುನ್ನ ಬಾಯಿಬಿಟ್ಟು ಹೇಳಿದರೆ ಅರ್ಧ ಗಂಟೆ ಉಳಿಯುತ್ತದೆ.

ಆ ಸಭೆಯಲ್ಲಿ 604ನೇ ಮನೆಯ ಸದಸ್ಯರು, ಸೋರಿಕೆಯ ಬಗ್ಗೆ ತಾವು ಸಂಘಕ್ಕೆ ಪತ್ರ ಬರೆದದ್ದು ಒಮ್ಮೆಯಲ್ಲ ಎರಡು ಸಲ, ಅದನ್ನು ಸಭೆಯಲ್ಲಿ ಹೇಳಿಯೂ ಇದ್ದೆ ಎಂದು ತಿದ್ದುಪಡಿ ಕೇಳಿದರು ಎನ್ನೋಣ. ಇಬ್ಬರ ಟಿಪ್ಪಣಿಗಳಲ್ಲಿ ಒಂದರಲ್ಲಿ ಅದು ಇದೆ. ಆಗ ಹಳೆಯ ಪುಟವನ್ನು ಹರಿಯಬಾರದು, ಸಾಲನ್ನು ಬಿಳಿ ಬಣ್ಣ ಹಚ್ಚಿ ಅಳಿಸಲೂಬಾರದು. ಹಳೆಯ ಸಾಲು ಓದಲು ಬರುವಂತೆ ಒಂದೇ ಗೆರೆ ಎಳೆದು, ಅಂಚಿನಲ್ಲಿ ತಿದ್ದಿದ ಮಾತನ್ನು ಬರೆದು, ಅಧ್ಯಕ್ಷರು ಮತ್ತು ಕಾರ್ಯದರ್ಶಿ ದಿನಾಂಕದೊಂದಿಗೆ ಚಿಕ್ಕ ಸಹಿ ಹಾಕಬೇಕು. ಹೊಸ ಸಭೆಯ ನಡಾವಳಿಯಲ್ಲಿ 'ಹಿಂದಿನ ನಡಾವಳಿಯ ಇಂಥ ಪುಟದ "ಲಿಖಿತವಾಗಿ" ಎಂಬುದನ್ನು "ಎರಡು ಬಾರಿ ಲಿಖಿತವಾಗಿ" ಎಂದು ತಿದ್ದಿ ದೃಢೀಕರಿಸಲಾಯಿತು' ಎಂಬ ವಾಕ್ಯ ಸೇರಬೇಕು. ಖಜಾಂಚಿಯವರು 15 ದಿನಗಳಲ್ಲಿ ಇಡುವುದಾಗಿ ಹೇಳಿದ್ದ ಬಾಬುವಾರು ವಿವರ ಯಾವ ದಿನಾಂಕದಂದು ಸದಸ್ಯರ ಮುಂದೆ ಬಂತು, ಅಥವಾ ಇನ್ನೂ ಬಂದಿಲ್ಲ ಎಂಬುದನ್ನು ಅದರ ಕೆಳಗಿನ ಸಾಲಿನಲ್ಲಿ ಬರೆಯಬೇಕು.